ಕಾಂಪೌಂಡಿನ ಮೇಲೊಂದು ಕುಸಿದ ಬ್ರೆಡ್ಡು

ದಾವಣಗೆರೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮೂರೂವರೆ ಗಂಟೆಗೆ ಕಾಂಪೌಂಡಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಗೋಡೆ ಕಾದಿರುತ್ತದೆ, ಮೊಣಕೈ ಊರಿದರೆ ಚುರುಕ್ಕೆನ್ನುತ್ತದೆ. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಸೊಸೆ "ಅಕ್ಕಾ" ಎಂದು ಕೂಗಿದಳು. ಏನಾಯಿತೋ ಎಂದು ಸೆರಗು ತಲೆಗೆಳೆದುಕೊಂಡು ಹೋದೆ. ಮಡಚಿದ ಬಟ್ಟೆಯ ಮೇಲೆ ಬ್ರೆಡ್ಡಿನ ಟಿನ್ನು ಹಿಡಿದು ನಿಂತಿದ್ದಳು. ಬ್ರೆಡ್ಡಿನ ನೆತ್ತಿ ಒಳಕ್ಕೆ ಕುಸಿದು ತಟ್ಟೆಯಂತಾಗಿತ್ತು. ಮೇಲ್ಮೈ ಸುಕ್ಕುಸುಕ್ಕು. ಮುಕ್ಕಾಲು ಗಂಟೆ ಬೆಂದಿದ್ದರೂ ಬಣ್ಣವೇ ಬಂದಿರಲಿಲ್ಲ.

"ಇಲ್ ನೋಡ್ರಿ ಅಕ್ಕ. ಓವನ್ನಿಗೆ ಇಡೋವಾಗ ಟಿನ್ನಿಗಿಂತ ಎತ್ತರಕ್ಕೆ ಬಂದಿತ್ತು. ಒಳಗೆ ಹೋದ ಹತ್ತೇ ನಿಮಿಷಕ್ಕೆ ಕೂತುಬಿಡ್ತು. ಯೀಸ್ಟ್ ಕೆಟ್ಟಿರಬೇಕು ಅಂತಾರೆ ನಮ್ಮತ್ತೆ."

ನಾನು ಟಿನ್ನನ್ನು ಗೋಡೆಯ ಮೇಲಿಟ್ಟು ಒಂದು ತುಂಡು ಮುರಿದು ಮೂಸಿದೆ. ಹುಳಿ, ಅದರ ಹಿಂದೆಯೇ ಹೆಂಡದ ವಾಸನೆ. ಮೇಲಿನ ಸಿಪ್ಪೆಯ ಕೆಳಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಪೊಳ್ಳು, ತಳದಲ್ಲಿ ಒತ್ತೊತ್ತಾದ ಪದರ. ಯೀಸ್ಟ್ ಕೆಟ್ಟಿದ್ದರೆ ಹಿಟ್ಟು ಏಳುತ್ತಲೇ ಇರಲಿಲ್ಲ. ಇಲ್ಲಿ ಯೀಸ್ಟ್ ತನ್ನ ಕೆಲಸ ಮುಗಿಸಿ, ಇನ್ನೂ ಮಾಡಿ, ತಿನ್ನಲು ಸಕ್ಕರೆಯೇ ಉಳಿಯದಷ್ಟು ದುಡಿದಿತ್ತು. ಬಣ್ಣ ಬಾರದ್ದಕ್ಕೂ ಅದೇ ಕಾರಣ. ಹಿಟ್ಟಿನಲ್ಲಿ ಉಳಿದ ಸಕ್ಕರೆಯಿಂದಲೇ ಬ್ರೆಡ್ಡಿನ ಹೊರಮೈಗೆ ಕಂದು ಬಣ್ಣ ಬರುವುದು. ಅದನ್ನು ಯೀಸ್ಟ್ ತಿಂದು ಮುಗಿಸಿದ್ದರೆ ಎಷ್ಟು ಹೊತ್ತು ಬೇಯಿಸಿದರೂ ಮೈ ಬಿಳಿಚಿಕೊಂಡೇ ಇರುತ್ತದೆ.

"ಹೆಂಗೆ ಮಾಡಿದೆ, ಮೊದಲಿಂದ ಹೇಳವ್ವ" ಎಂದೆ.

ಮೊಬೈಲಿನಲ್ಲಿ ವಿಡಿಯೋ ನೋಡಿದ್ದಳು. ಅದರಲ್ಲಿ ಹೇಳಿದ್ದನ್ನು ಒಂದಿಷ್ಟೂ ತಪ್ಪಿಸದೆ ಮಾಡಿದ್ದಳು. 400 ಗ್ರಾಂ ಮೈದಾ, 2 ಟೀ ಚಮಚ ಯೀಸ್ಟ್, ಉಗುರುಬೆಚ್ಚಗಿನ ನೀರು. ನಾದಿ, ಮುಚ್ಚಿ, "ಬೆಚ್ಚಗಿನ ಜಾಗದಲ್ಲಿ" 1 ಗಂಟೆ. ಆಮೇಲೆ ಟಿನ್ನಿಗೆ ಹಾಕಿ 45 ನಿಮಿಷ. ಬೆಚ್ಚಗಿನ ಜಾಗ ಬೇಕೆಂದು ಪಾತ್ರೆಯನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಇಟ್ಟಿದ್ದಳಂತೆ. ನಮ್ಮ ಅಡುಗೆಮನೆಗಳು ಆ ಹೊತ್ತಿಗೆ 37 ಡಿಗ್ರಿ ಇರುತ್ತವೆ, ನನ್ನ ಹತ್ತಿರ ಥರ್ಮಾಮೀಟರಿದೆ, ದಿನವೂ ನೋಡುತ್ತೇನೆ. ಫ್ರಿಜ್ಜಿನ ನೆತ್ತಿ ಅದಕ್ಕಿಂತ ಒಂದು ಕೈ ಮೇಲೆ.

ತಪ್ಪು ಅವಳದಲ್ಲ. ಇಂಥ ಪಾಕವಿಧಾನಗಳು ಮೊದಲು ಹುಟ್ಟಿದ್ದು ಚಳಿ ದೇಶದಲ್ಲಿ. ಅಲ್ಲಿ ಅಡುಗೆಮನೆ 20, 22 ಡಿಗ್ರಿ ಇದ್ದರೆ ಅದೇ ಬೆಚ್ಚಗೆ. ಹಿಟ್ಟು ಏಳಬೇಕಾದರೆ ಬಿಸಿ ಕೊಡಬೇಕು, ನೀರು ಕಾಯಿಸಬೇಕು, ಮೂಲೆ ಹುಡುಕಬೇಕು. ನಮಗೆ ಮೇ ತಿಂಗಳಲ್ಲಿ ಬೇಕಾದದ್ದು ಅದರ ತಿರುಗುಮುರುಗು. ವಿಡಿಯೋದವರು ಹೇಳುವ 1 ಗಂಟೆ ಆ ಅಡುಗೆಮನೆಯ ಒಂದು ಗಂಟೆ, ನಮ್ಮದಲ್ಲ.

ಇದು ನಮ್ಮ ಕಡೆಯ ಹೆಂಗಸರಿಗೆ ಹೊಸ ವಿಷಯವೇನಲ್ಲ. ದೋಸೆ ಹಿಟ್ಟು ಡಿಸೆಂಬರಿನಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆಗೂ ಸರಿಯಾಗಿ ಹುದುಗು ಬಂದಿರುವುದಿಲ್ಲ. ಮೇ ತಿಂಗಳಲ್ಲಿ ಸಂಜೆ ರುಬ್ಬಿದ್ದು ಮಲಗುವ ಮುಂಚೆಯೇ ಪಾತ್ರೆಯ ಅಂಚಿಗೆ ಬಂದು ನಿಂತಿರುತ್ತದೆ. ಅಕ್ಕಿ ಉದ್ದಿನ ವಿಷಯದಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ, ಪಾತ್ರೆ ನೋಡುತ್ತಾರೆ. ಬ್ರೆಡ್ಡು ಎಂದ ತಕ್ಷಣ ಮಾತ್ರ ಗಡಿಯಾರ ಬರುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ದೋಸೆ ಹಿಟ್ಟು ಉಕ್ಕಿ ಇಳಿದರೂ ನಷ್ಟವಿಲ್ಲ, ಒಂದಿಷ್ಟು ಹುಳಿಯಾಗುತ್ತದೆ ಅಷ್ಟೆ. ಕಾವಲಿಯ ಮೇಲೆ ಮತ್ತೆ ತೂತು ತೂತಾಗಿ ಏಳುತ್ತದೆ. ಬ್ರೆಡ್ಡಿನ ಹಿಟ್ಟು ಗಾಳಿಯನ್ನು ಹಿಡಿಯುವುದು ಗ್ಲುಟನ್ನಿನ ಬಲೆಯಿಂದ. ಹೋಳಿಗೆಯ ಕಣಕವನ್ನು ನೆನೆಸಿಕೊಳ್ಳಿ. ಚೆನ್ನಾಗಿ ನಾದಿ ನೆನೆಸಿದ ಕಣಕ ಹೂರಣದ ಸುತ್ತ ಎಷ್ಟು ತೆಳ್ಳಗಾದರೂ ಹರಿಯುವುದಿಲ್ಲ, ಆದರೆ ಅದಕ್ಕೂ ಒಂದು ಮಿತಿಯಿದೆ. ಆ ಮಿತಿ ದಾಟಿದರೆ ಹೂರಣ ಹೊರಗೆ ಇಣುಕುತ್ತದೆ. ಬ್ರೆಡ್ಡಿನ ಹಿಟ್ಟಿನೊಳಗೆ ಸಾವಿರಾರು ಪುಟ್ಟ ಗುಳ್ಳೆಗಳು, ಒಂದೊಂದಕ್ಕೂ ಕಣಕದಂಥ ತೆಳು ಗೋಡೆ. ಯೀಸ್ಟ್ ಬಿಡುವ ಇಂಗಾಲದ ಡೈ ಆಕ್ಸೈಡ್ ಆ ಗೋಡೆಗಳನ್ನು ಹಿಗ್ಗಿಸುತ್ತಾ ಹೋಗುತ್ತದೆ. ಹೊತ್ತು ಹೋದ ಹಾಗೆ ಹುಳಿಯೂ ಹಿಟ್ಟಿನೊಳಗಿನ ಕಿಣ್ವಗಳೂ ಆ ಗೋಡೆಗಳನ್ನೇ ಸಡಿಲ ಮಾಡುತ್ತವೆ. ಓವನ್ನಿನ ಬಿಸಿ ತಗುಲಿದಾಗ ಒಳಗಿನ ಗಾಳಿ ಇನ್ನಷ್ಟು ಹಿಗ್ಗಬೇಕು, ಬ್ರೆಡ್ಡು ಕೊನೆಯ ಸಲ ಏಳುವುದು ಆಗಲೇ. ಹಿಗ್ಗುವ ಶಕ್ತಿಯನ್ನೆಲ್ಲ ಟಿನ್ನಿನಲ್ಲೇ ಕಳೆದುಕೊಂಡಿದ್ದರೆ ಗೋಡೆ ಒಡೆಯುತ್ತದೆ, ಗುಳ್ಳೆಗೆ ಗುಳ್ಳೆ ಸೇರಿ ಪೊಳ್ಳಾಗುತ್ತದೆ, ನೆತ್ತಿ ಕೂರುತ್ತದೆ. ಅವಳ ಟಿನ್ನಿನಲ್ಲಿ ಆದದ್ದು ಅಷ್ಟೇ.

"ಹಂಗಾದ್ರೆ ಎಷ್ಟು ಹೊತ್ತು ಇಡಬೇಕಿತ್ತು ಅಕ್ಕ?"

ಅದಕ್ಕೆ ನೇರವಾಗಿ ಉತ್ತರ ಕೊಡಲು ಆಗುವುದಿಲ್ಲ ಎಂದೆ. ನನ್ನ ಅನುಭವದಲ್ಲಿ ಎಂಟು ಹತ್ತು ಡಿಗ್ರಿ ಬಿಸಿ ಏರಿದರೆ ಹಿಟ್ಟು ಏಳುವ ಹೊತ್ತು ಹೆಚ್ಚುಕಡಿಮೆ ಅರ್ಧವಾಗುತ್ತದೆ. 2 ಚಮಚ ಯೀಸ್ಟ್, ಬೆಚ್ಚಗಿನ ನೀರು, 37 ಡಿಗ್ರಿ ಮನೆ, ಇವು ಮೂರೂ ಸೇರಿದರೆ ಹಿಟ್ಟು ಅರ್ಧ ಗಂಟೆಯೊಳಗೇ ಎರಡರಷ್ಟಾಗಿರುತ್ತದೆ. ಅವಳು ಇನ್ನೂ ಅರ್ಧ ಗಂಟೆ ಬಿಟ್ಟಿದ್ದಳು. ಅದಕ್ಕಿಂತ ತೊಂದರೆಯ ವಿಷಯ ಬೇರೆ. ಚಳಿಗಾಲದಲ್ಲಿ ಹಿಟ್ಟು ಹದಕ್ಕೆ ಬಂದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹಾಗೇ ಕಾಯುತ್ತದೆ, ಬಾಗಿಲಿಗೆ ಯಾರೋ ಬಂದರು, ಮಾತಾಡಿ ಬಂದೆವು, ಏನೂ ಆಗುವುದಿಲ್ಲ. ಮೇ ತಿಂಗಳಲ್ಲಿ ಹದಕ್ಕೂ ಹದ ಮೀರುವುದಕ್ಕೂ ಹತ್ತು ನಿಮಿಷದ ಅಂತರ. ಆದ್ದರಿಂದ ಈ ತಿಂಗಳಲ್ಲಿ ಮಾಡಬೇಕಾದದ್ದು ಆ ಹತ್ತು ನಿಮಿಷವನ್ನು ಹಿಡಿಯಲು ಓಡಾಡುವುದಲ್ಲ, ಹಿಟ್ಟನ್ನೇ ತಣ್ಣಗಿಟ್ಟು ಆ ಅಂತರವನ್ನು ಹಿಗ್ಗಿಸಿಕೊಳ್ಳುವುದು.

"ಬೆಳಿಗ್ಗೆ ಆರಕ್ಕೆ ಮಾಡು, ಆಗ ಅಡುಗೆಮನೆ 29 ಇರ್ತದೆ" ಎಂದೆ. "ನಲ್ಲಿ ನೀರು ಬರೋ ಹೊತ್ತು ಅಕ್ಕ, ಬೆಳಿಗ್ಗೆ ಎಲ್ಲಿ ಪುರುಸೊತ್ತು" ಎಂದಳು. ಅದೂ ನಿಜ. ಮರುದಿನ ಮಧ್ಯಾಹ್ನವೇ ಕೂಡಿ ಮಾಡೋಣ ಎಂದು ಒಪ್ಪಿಕೊಂಡೆವು. ಅದೇ ಅಡುಗೆಮನೆ, ಅದೇ ಬಿಸಿಲು, ಅದೇ ಮೈದಾ.

ಮೊದಲು ನೀರಿನ ಲೆಕ್ಕ ಹಾಕಿದೆವು. ನಾದಿ ಮುಗಿಸಿದಾಗ ಹಿಟ್ಟು 26 ಡಿಗ್ರಿ ಇರಬೇಕು ಎಂದಿಟ್ಟುಕೊಳ್ಳಿ. ಹಿಟ್ಟಿನ ಬಿಸಿಯನ್ನು ಮೈದಾ, ನೀರು, ಮನೆಯ ಗಾಳಿ ಈ ಮೂರೂ ಸೇರಿ ನಿರ್ಧರಿಸುತ್ತವೆ, ಅದಕ್ಕೆ 26ನ್ನು ಮೂರರಿಂದ ಗುಣಿಸಬೇಕು, 78 ಆಯಿತು. ಅದರಲ್ಲಿ ಮೈದಾದ ಬಿಸಿ, ಮನೆಯ ಬಿಸಿ, ಕೈಯಲ್ಲಿ ನಾದುವಾಗ ಹುಟ್ಟುವ ಒಂದೆರಡು ಡಿಗ್ರಿ, ಇಷ್ಟನ್ನು ಕಳೆಯಬೇಕು. ಡಬ್ಬದಲ್ಲಿದ್ದ ಮೈದಾ 35, ಮನೆ 37, ನಾದುವುದಕ್ಕೆ 2, ಒಟ್ಟು 74. ಉಳಿದದ್ದು 4. ನೀರು 4 ಡಿಗ್ರಿ ಇರಬೇಕು ಎಂದರ್ಥ. ಉಗುರುಬೆಚ್ಚಗಿನ ನೀರೆಲ್ಲಿ, ಇದೆಲ್ಲಿ! ಫ್ರಿಜ್ಜಿನ ನೀರಿಗೆ ನಾಲ್ಕು ತುಂಡು ಐಸ್ ಹಾಕಿ, ಚೆನ್ನಾಗಿ ತಣ್ಣಗಾದ ಮೇಲೆ ಐಸನ್ನು ಸೋಸಿ, ಆಮೇಲೆ 245 ಮಿಲೀ ಅಳೆದೆವು. ಐಸ್ ಸಮೇತ ಅಳೆದರೆ ಅಳತೆ ತಪ್ಪುತ್ತದೆ. ಬೇಸಿಗೆಯಲ್ಲಿ ಬೇಕರಿಯವರು ನಾದುವ ನೀರಿಗೆ ಐಸ್ ಹಾಕುವುದು ಈ ಲೆಕ್ಕಕ್ಕೇ. ಐಸ್ ಇಲ್ಲದ ಮನೆಯಲ್ಲಿ ಮೈದಾವನ್ನೇ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸಾಕು, ಆಗ ಕೊಡದ ನೀರೇ ಸರಿಹೋಗುತ್ತದೆ.

ಯೀಸ್ಟ್ ಕಡಿಮೆ ಮಾಡಿದೆವು. ಅವಳ ವಿಡಿಯೋದ 2 ಚಮಚ ಎಂದರೆ 6 ಗ್ರಾಂ. ನಾವು ಹಾಕಿದ್ದು ಮುಕ್ಕಾಲು ಟೀ ಚಮಚ, 2 ಗ್ರಾಮಿಗೆ ಸ್ವಲ್ಪ ಹೆಚ್ಚು. ಅವಳಿಗೆ ನಂಬಿಕೆಯೇ ಬರಲಿಲ್ಲ, ಚಮಚವನ್ನು ಎರಡು ಸಲ ನೋಡಿದಳು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಸಣ್ಣ ಕಾಳಿನ ಇನ್‌ಸ್ಟಂಟ್ ಯೀಸ್ಟಿಗೆ ಐಸ್ ನೀರು ನೇರವಾಗಿ ತಗುಲಬಾರದು. ಒಣಗಿದ ಯೀಸ್ಟಿಗೆ ತೀರಾ ತಣ್ಣೀರು ಬಿದ್ದರೆ ಅದರ ಕೋಶದೊಳಗಿನದು ಸೋರುತ್ತದೆ, ಅದರ ಶಕ್ತಿ ಕುಂದುವುದಲ್ಲದೆ ಹಿಟ್ಟೂ ಜೋಲಾಗುತ್ತದೆ. ಅದಕ್ಕೇ ಯೀಸ್ಟನ್ನು ಮೊದಲು ಮೈದಾದಲ್ಲಿ ಚೆನ್ನಾಗಿ ಬೆರೆಸಿ ನಂತರ ನೀರು ಹಾಕಿದ್ದು. ಉಪ್ಪು 8 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಬೆಣ್ಣೆ 20 ಗ್ರಾಂ. ಉಪ್ಪನ್ನು ಯಾರೂ ಕಡಿಮೆ ಮಾಡಬೇಡಿ, ಬೇಸಿಗೆಯಲ್ಲಿ ಯೀಸ್ಟಿಗೆ ಲಗಾಮು ಹಾಕುವುದು ಅದೇ.

ನಾದಿ ಮುಗಿಸಿದಾಗ 2 ಗಂಟೆ 10 ನಿಮಿಷ. ಥರ್ಮಾಮೀಟರು ಚುಚ್ಚಿದರೆ 27. ಲೆಕ್ಕಕ್ಕಿಂತ ಒಂದು ಡಿಗ್ರಿ ಹೆಚ್ಚು, ನಡೆಯುತ್ತದೆ. ಇನ್ನು ಆ ತಂಪನ್ನು ಉಳಿಸಿಕೊಳ್ಳಬೇಕು. ಹಿಟ್ಟಿನ ಸ್ಟೀಲ್ ಪಾತ್ರೆಯನ್ನು ನೀರು ತುಂಬಿದ ಅಗಲ ಬೋಗುಣಿಯಲ್ಲಿ ಕೂರಿಸಿ, ಮೇಲೆ ಒದ್ದೆ ಪಂಚೆ ಹೊದಿಸಿ ಅದರ ಅಂಚು ನೀರಿನಲ್ಲಿ ಮುಳುಗಿರುವ ಹಾಗೆ ಬಿಟ್ಟೆವು. ಪಂಚೆ ನೀರು ಹೀರುತ್ತಾ ಆರುತ್ತಾ ಇರುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆಯೇ. ನಮ್ಮ ಒಣಹವೆಗೆ ಇದು ಹೇಳಿ ಮಾಡಿಸಿದ ಉಪಾಯ, ಒಳಗೆ 29ರ ಮೇಲೆ ಏರುವುದಿಲ್ಲ. ಮಂಗಳೂರಿನಲ್ಲಿರುವ ನನ್ನ ತಂಗಿ ಹೀಗೇ ಮಾಡಿ ಏನೂ ತಣ್ಣಗಾಗಲಿಲ್ಲ ಎಂದಳು. ಅಲ್ಲಿ ಗಾಳಿಯಲ್ಲೇ ನೀರಿರುವಾಗ ಬಟ್ಟೆ ಆರುವುದಾದರೂ ಹೇಗೆ? ಅಲ್ಲಿಯವರು ಬೋಗುಣಿಯ ನೀರಿಗೇ ಆಗಾಗ ಐಸ್ ಹಾಕಬೇಕು.

ಇನ್ನೊಂದು ಕೆಲಸ ಮಾಡಿದೆವು. ನಿಂಬೆಹಣ್ಣಿನಷ್ಟು ಹಿಟ್ಟು ಮುರಿದು ನೆಟ್ಟಗಿನ ಗಾಜಿನ ಲೋಟಕ್ಕೆ ಒತ್ತಿ, ಅದರ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್, ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು. ಅಗಲ ಪಾತ್ರೆಯಲ್ಲಿ ಹಿಟ್ಟು ಎರಡರಷ್ಟಾಯಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಬಹಳ ಕಷ್ಟ, ಪಾತ್ರೆ ಮೇಲೆ ಹೋದಂತೆ ಅಗಲವಾಗುತ್ತದಲ್ಲ. ನೆಟ್ಟಗಿನ ಲೋಟ ಸುಳ್ಳು ಹೇಳುವುದಿಲ್ಲ. ಆದರೆ ಆ ಲೋಟವನ್ನು ಕಟ್ಟೆಯ ಮೇಲೆ ಬಿಟ್ಟರೆ ಚಿಕ್ಕ ಉಂಡೆ ಬೇಗ ಬಿಸಿಯೇರಿ ದೊಡ್ಡ ಹಿಟ್ಟಿಗಿಂತ ಮುಂಚೆಯೇ ಎದ್ದುಬಿಡುತ್ತದೆ. ಅದನ್ನೂ ಬೋಗುಣಿಯ ನೀರಿನಲ್ಲೇ, ಪಾತ್ರೆಯ ಪಕ್ಕದಲ್ಲೇ ನಿಲ್ಲಿಸಬೇಕು.

ಲೋಟದ ಹಿಟ್ಟು ಎರಡನೆಯ ರಬ್ಬರ್ ಬ್ಯಾಂಡ್ ಮುಟ್ಟಿದ್ದು 3 ಗಂಟೆ 25ಕ್ಕೆ. ಒಂದೂಕಾಲು ಗಂಟೆ. ಹಿಂದಿನ ದಿನ ಅದೇ ಅಡುಗೆಮನೆಯಲ್ಲಿ ಅರ್ಧ ಗಂಟೆಯೂ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಅವಳು ಹಿಟ್ಟಿಗೆ ಬೆರಳು ಒತ್ತಿ, "ಅಕ್ಕ, ಗುಳಿ ಹಂಗೇ ನಿಂತತಿ, ಹದ ಮೀರಿತೇನೋ" ಎಂದು ಗಾಬರಿಯಾದಳು. ಬಹಳ ಜನ ಇಲ್ಲೇ ಎಡವುತ್ತಾರೆ. ಪಾತ್ರೆಯಲ್ಲಿ ಮೊದಲನೆಯ ಸಲ ಏಳುವಾಗ ಗುಳಿ ಹಾಗೇ ನಿಂತರೆ ಅದು ಸರಿಯಾದ ಲಕ್ಷಣ. ಗುಳಿಯ ಸುತ್ತಲಿನ ಹಿಟ್ಟು ಉಸ್ಸೆಂದು ಇಳಿದರೆ ಮಾತ್ರ ಮೀರಿದ್ದು. ಟಿನ್ನಿನಲ್ಲಿ ಎರಡನೆಯ ಸಲ ಏಳುವಾಗ ಲೆಕ್ಕ ಬೇರೆ. ಅಲ್ಲಿ ಬೆರಳಿಗೆ ನೀರು ಅದ್ದಿ ಅರ್ಧ ಇಂಚು ಒತ್ತಬೇಕು. ತಟ್ಟನೆ ಮೇಲೆ ಬಂದರೆ ಇನ್ನೂ ಹೊತ್ತಿದೆ. ನಿಧಾನಕ್ಕೆ ಮೇಲೆ ಬಂದು, ಪೂರ್ತಿ ಬಾರದೆ ಒಂದು ಸಣ್ಣ ತಗ್ಗು ಉಳಿದರೆ ಓವನ್ನಿಗೆ ಇಡುವ ಹದ. ಒತ್ತಿದ್ದು ಒತ್ತಿದಂತೆಯೇ ಉಳಿದರೆ ಅಥವಾ ಬೆರಳಿನ ಸುತ್ತ ಕುಸಿದರೆ ಹದ ಮೀರಿದೆ. ಒಂದೇ ಗುಳಿ, ಎರಡು ಕಡೆ ಎರಡು ಅರ್ಥ.

ಬೆರಳಿಗಿಂತ ಮುಂಚೆಯೇ ಕಣ್ಣಿಗೂ ಮೂಗಿಗೂ ಗೊತ್ತಾಗುವುದುಂಟು. ಹದದಲ್ಲಿರುವ ಹಿಟ್ಟಿನ ನೆತ್ತಿ ಗುಮ್ಮಟದಂತೆ ಉಬ್ಬಿ, ಮೈ ನುಣ್ಣಗೆ ಬಿಗಿಯಾಗಿರುತ್ತದೆ. ಮೀರತೊಡಗಿದಾಗ ಮೊದಲು ಆ ಗುಮ್ಮಟ ಚಪ್ಪಟೆಯಾಗುತ್ತದೆ. ಆಮೇಲೆ ಮೇಲ್ಮೈಯಲ್ಲಿ ಅಂಬೊಡೆಯಷ್ಟು ದೊಡ್ಡ ಬೊಬ್ಬೆಗಳು ಏಳುತ್ತವೆ, ಅಂಚಿನಲ್ಲಿ ಸುಕ್ಕು ಬೀಳುತ್ತದೆ. ಟಿನ್ನನ್ನು ಸ್ವಲ್ಪ ಅಲುಗಿಸಿದರೆ ಇಡೀ ಹಿಟ್ಟು ತುಳುಕುತ್ತದೆ. ವಾಸನೆ ಹಾಲು ಗೋಧಿಯ ಸಿಹಿ ಬಿಟ್ಟು ಮೂಗಿಗೆ ಚುರುಕ್ಕೆನ್ನುವ ಹೆಂಡದ ಕಡೆ ತಿರುಗುತ್ತದೆ. ಈ ವಾಸನೆ ಬಂದ ಮೇಲೆ ಇನ್ನು ಐದು ನಿಮಿಷ ನೋಡೋಣ ಎನ್ನಬಾರದು.

ನಾವು ಹಿಟ್ಟಿನ ಗಾಳಿಯನ್ನು ಮೆಲ್ಲಗೆ ಅಮುಕಿ ತೆಗೆದು, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ 3 ಗಂಟೆ 35ಕ್ಕೆ 9 ಇಂಚಿನ ಟಿನ್ನಿಗೆ ಹಾಕಿದೆವು. ಅದನ್ನೂ ಒದ್ದೆ ಬಟ್ಟೆಯ ಕೆಳಗೆ, ನೀರಿನ ಬೋಗುಣಿಯಲ್ಲೇ ಇಟ್ಟೆವು. ಸರಿಯಾಗಿ 4 ಗಂಟೆಗೆ, ಹಿಟ್ಟು ಇನ್ನೂ ಟಿನ್ನಿನ ಅಂಚಿಗಿಂತ ಒಂದು ಬೆರಳು ಕೆಳಗಿರುವಾಗಲೇ, ಓವನ್ ಹಚ್ಚಿಸಿದೆ. "ಈಗಲೇ ಯಾಕಕ್ಕ?" ಎಂದಳು. ಓವನ್ ಕಾಯಲು 15 ನಿಮಿಷ ಬೇಕು, ಅದು ಕಾಯುವವರೆಗೆ ಹಿಟ್ಟು ಸುಮ್ಮನೆ ಕೂತಿರುವುದಿಲ್ಲ. ಜೊತೆಗೆ ಓವನ್ನಿನ ಬಿಸಿಗೆ ಅಡುಗೆಮನೆ ಇನ್ನೆರಡು ಡಿಗ್ರಿ ಏರುತ್ತದೆ. ಹಿಂದಿನ ದಿನ ಅವಳು ಹಿಟ್ಟು ಪೂರ್ತಿ ಎದ್ದ ಮೇಲೆ ಸ್ವಿಚ್ ಹಾಕಿದ್ದಳು. ಉಳಿದದ್ದೆಲ್ಲ ಸರಿಯಿದ್ದಿದ್ದರೂ ಅದೊಂದೇ ಸಾಕಿತ್ತು ಬ್ರೆಡ್ಡು ಕೆಡಲು.

ಕಾಯುತ್ತಾ ಕೂತಾಗ ಅವಳ ಅತ್ತೆಯೂ ಬಂದರು. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಹೋದ ವರ್ಷ ನನಗೆ ಹಾಗೇ ಆಯಿತು. ಹಿಟ್ಟು ಹದಕ್ಕೆ ಬಂದು ನಿಂತಿದೆ, ಓವನ್ನಿನ ದೀಪ ಆರಿತು. ಹದ ಮೀರಿದ ಹಿಟ್ಟನ್ನು ಹಾಗೇ ಬೇಯಿಸುವುದೊಂದೇ ಮಾಡಬಾರದ ಕೆಲಸ. ಟಿನ್ನಿನಿಂದ ತೆಗೆದು, ಗಾಳಿಯನ್ನೆಲ್ಲ ಅಮುಕಿ, ಎರಡು ಮೂರು ಸಲ ಮಡಚಿ, ಮತ್ತೆ ಬಿಗಿಯಾಗಿ ಸುತ್ತಿ ಟಿನ್ನಿಗೆ ಹಾಕಿದೆ. ಗುಳ್ಳೆಗಳು ಮತ್ತೆ ಚಿಕ್ಕದಾಗಿ ಹುಟ್ಟುತ್ತವೆ, ಯೀಸ್ಟಿಗೆ ಉಳಿದಿದ್ದ ಸಕ್ಕರೆಯೂ ಸಿಗುತ್ತದೆ. ಎರಡನೆಯ ಸಲ ಬೇಗ ಏಳುತ್ತದೆ, ಅರ್ಧ ಹೊತ್ತಿಗೇ ನೋಡಬೇಕು. ಕರೆಂಟು ಬಂದ ಮೇಲೆ ಬೇಯಿಸಿದೆ. ಮೊದಲಿನಷ್ಟು ಎತ್ತರವಿರಲಿಲ್ಲ, ಆದರೆ ಮೆತ್ತಗೆ ಚೆನ್ನಾಗಿತ್ತು. ಇದು ಒಂದೇ ಸಲ ನಡೆಯುವ ಉಪಾಯ. ಎತ್ತಿದರೆ ಹಿಟ್ಟು ಅಂಟಂಟಾಗಿ ಎಳೆಎಳೆಯಾಗಿ ಹರಿಯುತ್ತಿದ್ದರೆ ಗ್ಲುಟನ್ ಸೋತಿದೆ, ಮತ್ತೆ ಸುತ್ತಿ ಪ್ರಯೋಜನವಿಲ್ಲ. ಆಗ ತಟ್ಟೆಗೆ ಎಣ್ಣೆ ಸವರಿ ತೆಳ್ಳಗೆ ಹರಡಿ, ಮೇಲೆ ಈರುಳ್ಳಿ ಹಸಿಮೆಣಸಿನಕಾಯಿ ಉದುರಿಸಿ ಬೇಯಿಸುವುದು ಲೇಸು. ಎತ್ತರ ಬೇಡದ ತಿನಿಸಿಗೆ ಕುಸಿತದ ಭಯವೂ ಇಲ್ಲ.

"ಫ್ರಿಜ್ಜಿಗೆ ಇಟ್ಟುಬಿಟ್ರೆ ಆಯ್ತಲ್ಲ" ಎಂದರು ಅತ್ತೆ. ಆಗುತ್ತದೆ, ಆದರೆ ತಡವಾಗಿ ಇಟ್ಟರೆ ಆಗುವುದಿಲ್ಲ. ಮುಕ್ಕಾಲು ಕೆಜಿ ಹಿಟ್ಟಿನ ಉಂಡೆಯ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಹೊರಮೈ ತಣ್ಣಗಿದ್ದರೂ ಒಳಗೆ ಯೀಸ್ಟ್ ಕೆಲಸ ನಡೆಸಿಯೇ ಇರುತ್ತದೆ. ಪೂರ್ತಿ ಎದ್ದ ಹಿಟ್ಟನ್ನು ಒಳಗಿಟ್ಟು, ಬೆಳಿಗ್ಗೆ ಕುಸಿದು ಹುಳಿಯಾಗಿರುವುದನ್ನು ನೋಡಿ ಫ್ರಿಜ್ಜನ್ನು ಬೈದವರನ್ನು ಕಂಡಿದ್ದೇನೆ. ರಾತ್ರಿ ಇಡುವುದಾದರೆ ಯೀಸ್ಟ್ 1 ಗ್ರಾಂ ಸಾಕು, ಹಿಟ್ಟು ಮೂರನೇ ಒಂದು ಪಾಲು ಎದ್ದಾಗಲೇ, ರೊಟ್ಟಿಯ ಹಾಗೆ ಚಪ್ಪಟೆ ಮಾಡಿ, ಮುಚ್ಚಳದ ಡಬ್ಬದಲ್ಲಿ ಇಡಬೇಕು. ಚಪ್ಪಟೆಯಾದದ್ದು ಬೇಗ ತಣ್ಣಗಾಗುತ್ತದೆ. ನಲ್ಲಿ ನೀರಿನ ಗಲಾಟೆ ಮುಗಿದ ಮೇಲೆ ಹೊರಗೆ ತೆಗೆದರೆ ಆಯಿತು.

4 ಗಂಟೆ 15ಕ್ಕೆ ನೆತ್ತಿ ಟಿನ್ನಿನ ಅಂಚಿಗಿಂತ ಅರ್ಧ ಇಂಚು ಮೇಲೆ ಬಂದಿತ್ತು. ಅವಳೇ ಬೆರಳು ಒತ್ತಿದಳು. ಗುಳಿ ನಿಧಾನಕ್ಕೆ ತುಂಬುತ್ತಾ ಬಂದು ಸಣ್ಣ ತಗ್ಗಾಗಿ ನಿಂತಿತು. "ಇನ್ನೊಂದು ಸ್ವಲ್ಪ ಬಿಡೋಣೇನು, ಇನ್ನೂ ಎತ್ತರ ಬರ್ತದಲ್ಲ" ಎಂದಳು. ಬೇಡ ಎಂದೆ. ತಂಪಿನ ದಿನಗಳಲ್ಲಿ ಒಂದು ಇಂಚು ಬರುವವರೆಗೆ ಬಿಡುತ್ತೇನೆ, ಮೇ ತಿಂಗಳಲ್ಲಿ ಅರ್ಧ ಇಂಚಿಗೇ ಒಳಗಿಡುತ್ತೇನೆ. ಸ್ವಲ್ಪ ಮುಂಚೆ ಇಟ್ಟ ಹಿಟ್ಟು ಓವನ್ನಿನಲ್ಲಿ ಏಳುತ್ತದೆ, ತೀರಾ ಮುಂಚೆಯಾದರೆ ಪಕ್ಕದಲ್ಲಿ ಸೀಳಬಹುದು ಅಷ್ಟೆ, ತಿನ್ನಲು ತೊಂದರೆಯಿಲ್ಲ. ತಡವಾಗಿ ಇಟ್ಟದ್ದನ್ನು ಓವನ್ ಎತ್ತಿ ನಿಲ್ಲಿಸಲಾರದು.

190 ಡಿಗ್ರಿಯಲ್ಲಿ 35 ನಿಮಿಷ. ಗಾಜಿನಲ್ಲಿ ನೋಡುತ್ತಾ ನಿಂತಿದ್ದ ಅವಳ ಮುಖ ಹತ್ತನೆಯ ನಿಮಿಷಕ್ಕೆ ಬಿಗಿಯಾಯಿತು, ಹಿಂದಿನ ದಿನ ಕುಸಿದದ್ದು ಅದೇ ಹೊತ್ತಿಗೆ. ನೆತ್ತಿ ಕೂರಲಿಲ್ಲ. ಇನ್ನೂ ಒಂದು ಬೆರಳು ಮೇಲೆದ್ದು ಗುಮ್ಮಟವಾಗಿ, ಜೇನಿನ ಬಣ್ಣಕ್ಕೆ ತಿರುಗಿತು. ಆರಿದ ಮೇಲೆ ಕೊಯ್ದರೆ ಮೇಲಿನಿಂದ ತಳದವರೆಗೆ ಒಂದೇ ಸಮನಾದ ಸಣ್ಣ ಕಣ್ಣುಗಳು. ಅವಳ ಅತ್ತೆ ಎರಡು ಹೋಳು ತಿಂದು, ಯೀಸ್ಟ್ ಅದೇ ಪ್ಯಾಕೆಟ್ಟಿನದೇ ಎಂದು ಕೇಳಿದರು. ಅದೇ ಪ್ಯಾಕೆಟ್ಟು.

ಇವತ್ತು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಇನ್ನೊಂದು ಪ್ರಶ್ನೆ ಬಂತು, ಗೋಧಿ ಹಿಟ್ಟಿಗೂ ಇದೇ ಲೆಕ್ಕವೇ ಎಂದು. ನೀರಿನ ಲೆಕ್ಕ ಅದೇ, ಹದ ಮಾತ್ರ ಇನ್ನೂ ಮುಂಚೆ. ತೌಡಿನ ಚೂರುಗಳು ಗುಳ್ಳೆಯ ಗೋಡೆಯನ್ನು ಕೊಯ್ಯುವುದರಿಂದ ಅದು ಎರಡರಷ್ಟಾಗುವವರೆಗೆ ತಾಳುವುದಿಲ್ಲ, ಒಂದೂವರೆಯಷ್ಟಾದಾಗಲೇ ಟಿನ್ನಿಗೆ ಹಾಕಬೇಕು. ನೀವೂ ಈ ವಾರ ಬ್ರೆಡ್ಡಿಗೆ ಕೈ ಹಾಕುವವರಿದ್ದರೆ, ಟಿನ್ನಿನ ಅಂಚಿಗೆ ಇನ್ನೂ ಒಂದು ಬೆರಳು ಬಾಕಿಯಿರುವಾಗಲೇ ಓವನ್ ಹಚ್ಚಿಬಿಡಿ.